ಹತ್ತು ಅಂಕಿ, ಮೂರು ಗುಂಪು: ಆಪ್ತರ ದೂರವಾಣಿ ಸಂಖ್ಯೆ ನೆನಪಿನಲ್ಲಿ ಉಳಿಯುವ ಬಗೆ

ಕಳೆದ ಜಾತ್ರೆಯ ರಥೋತ್ಸವದ ಸಂಜೆ, ದಾಸೋಹ ಮನೆಯ ಹೊರಗಿನ ಕಟ್ಟೆಯ ಮೇಲೆ ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ಒಬ್ಬರೇ ಕುಳಿತಿದ್ದರು. ಜನಸಂದಣಿಯಲ್ಲಿ ಮಗಳಿಂದ ಬೇರೆಯಾಗಿದ್ದರು. ಅವರ ಮೊಬೈಲು ಮಗಳ ಚೀಲದಲ್ಲಿ ಉಳಿದಿತ್ತು. ಸೇವೆಯಲ್ಲಿದ್ದ ಯುವಕನೊಬ್ಬ ತನ್ನ ಮೊಬೈಲು ತೆಗೆದು, “ಅವ್ವಾರ, ಮಗಳ ನಂಬರ್ ಹೇಳ್ರಿ, ನಾ ಹಚ್ಚತೇನಿ” ಎಂದ. ಆ ತಾಯಿ ಮೊದಲಿನ ಮೂರು ಅಂಕಿಗಳನ್ನು ತಡವರಿಸದೆ ಹೇಳಿದರು. ಕೊನೆಯ ಎರಡು ಅಂಕಿಗಳೂ ಅವರಿಗೆ ನೆನಪಿದ್ದವು. ನಡುವಿನ ಐದು ಅಂಕಿಗಳು ಮಾತ್ರ ಬರಲಿಲ್ಲ. ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಹೆಸರು ಕೂಗಿಸಿ ತಾಯಿ-ಮಗಳನ್ನು ಸೇರಿಸುವ ಹೊತ್ತಿಗೆ ಎರಡೂವರೆ ತಾಸು ಕಳೆದಿತ್ತು. ಅವರ ರಕ್ತದೊತ್ತಡದ ಮಾತ್ರೆಯೂ ಅದೇ ಚೀಲದಲ್ಲಿತ್ತು.

ಆ ತಾಯಿ ಮರೆಗುಳಿಯಲ್ಲ. ಮನೆಯ ಹತ್ತಾರು ಮಂದಿಯ ಮದುವೆಯ ವರ್ಷ, ಹೊಲದ ಸರ್ವೆ ನಂಬರು, ಹಾಲಿನ ಲೆಕ್ಕ ಎಲ್ಲವೂ ಅವರ ಬಾಯಲ್ಲಿವೆ. ಮಗಳ ಸಂಖ್ಯೆಯನ್ನು ಮಾತ್ರ ಅವರು ಎಂದೂ ಕಲಿತಿರಲಿಲ್ಲ. ಮಗಳ ಭಾವಚಿತ್ರವನ್ನು ಒತ್ತಿದರೆ ಕರೆ ಹೋಗುತ್ತಿತ್ತು, ಅಷ್ಟೇ. ನಾವು ಒಂದು ಸಂಖ್ಯೆಯನ್ನು ನೂರು ಸಲ ನೋಡಿದರೂ, ಒಮ್ಮೆಯೂ ಅದನ್ನು ಮನಸ್ಸಿನಿಂದ ಹೊರತೆಗೆಯದಿದ್ದರೆ ಅದು ನಮ್ಮದಾಗುವುದಿಲ್ಲ. ಹಿಂದೆ ದೂರವಾಣಿ ಸಂಖ್ಯೆಗಳು ಜನರಿಗೆ ಕಂಠಪಾಠವಾಗಿದ್ದುದು ಅವರ ಸ್ಮರಣಶಕ್ತಿ ಹೆಚ್ಚಾಗಿದ್ದುದರಿಂದಲ್ಲ; ಪ್ರತಿ ಕರೆಗೂ ಅಂಕಿಗಳನ್ನು ಒಂದೊಂದಾಗಿ ಒತ್ತಬೇಕಾಗಿತ್ತು, ಸಂಖ್ಯೆಯೂ ಚಿಕ್ಕದಾಗಿತ್ತು. ಹುಬ್ಬಳ್ಳಿ-ಧಾರವಾಡದ ಸ್ಥಿರ ದೂರವಾಣಿಗೆ 0836 ಎಂಬುದು ಎಲ್ಲರಿಗೂ ಸಮಾನ. ನೆನಪಿಡಬೇಕಾದದ್ದು ಉಳಿದ ಏಳು ಅಂಕಿ ಮಾತ್ರ. ಮೊಬೈಲಿನಲ್ಲಿ ಹತ್ತಕ್ಕೆ ಹತ್ತೂ ಹೊಸವು.

ಆ ತಾಯಿ ಮುಂದೆ ಮೂರು ವಾರಗಳಲ್ಲಿ ಮಗಳ ಸಂಖ್ಯೆಯನ್ನು ಹೇಗೆ ಕಲಿತರೆಂಬುದನ್ನೇ ಈ ಸಂಚಿಕೆಯಲ್ಲಿ ಪಾಠವಾಗಿ ಇಡುತ್ತಿದ್ದೇವೆ.

ಮನಸ್ಸು ಒಮ್ಮೆಗೆ ಎಷ್ಟು ಹಿಡಿಯುತ್ತದೆ?

ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರು 1956ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕೇಳಿದೊಡನೆ ತಿರುಗಿ ಹೇಳಬಲ್ಲ ಸಂಗತಿಗಳ ಮಿತಿ ಸುಮಾರು ಏಳು, ಒಂದೆರಡು ಹೆಚ್ಚು ಕಡಿಮೆ ಎಂದು ಅವರು ಅಲ್ಲಿ ತೋರಿಸಿದರು. ಆದರೆ ಅದೇ ಲೇಖನದ ಮುಖ್ಯ ಮಾತು ಇನ್ನೊಂದಿದೆ: ಮಿತಿ ಇರುವುದು ಅಂಕಿಗಳಿಗಲ್ಲ, ಗುಂಪುಗಳಿಗೆ. ಮನಸ್ಸು ಒಂದೇ ಘಟಕವೆಂದು ಗುರುತಿಸಿದ್ದೆಲ್ಲ ಒಂದೇ ಸ್ಥಳವನ್ನು ಹಿಡಿಯುತ್ತದೆ. 1-9-4-7 ಎಂಬ ನಾಲ್ಕು ಅಂಕಿಗಳು ನಮಗೆ ನಾಲ್ಕಲ್ಲ. ಸ್ವಾತಂತ್ರ್ಯ ಬಂದ ವರ್ಷವೆಂಬ ಒಂದು ಸಂಗತಿ. ಅನಂತರ 2001ರಲ್ಲಿ ನೆಲ್ಸನ್ ಕೋವನ್ ಎಂಬ ಮತ್ತೊಬ್ಬ ವಿದ್ವಾಂಸರು ಹಿಂದಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಬಾಯಿಪಾಠದ ನೆರವಿಲ್ಲದಿದ್ದರೆ ಈ ಮಿತಿ ಸುಮಾರು ನಾಲ್ಕು ಗುಂಪುಗಳಷ್ಟೇ ಎಂದು ಅಭಿಪ್ರಾಯಪಟ್ಟರು.

ಇನ್ನೊಂದು ಮಿತಿ ನಾಲಿಗೆಯದು. ಸಂಖ್ಯೆಯೊಂದನ್ನು ಕೇಳಿದಾಗ ನಾವು ಅದನ್ನು ಒಳಗೊಳಗೇ ಉಚ್ಚರಿಸುತ್ತ ಹಿಡಿದಿಡುತ್ತೇವೆ. ಈ ಒಳಮಾತು ಒಂದು ಸಲಕ್ಕೆ ಸುಮಾರು ಎರಡು ಸೆಕೆಂಡುಗಳಲ್ಲಿ ಉಚ್ಚರಿಸಬಹುದಾದಷ್ಟನ್ನು ಮಾತ್ರ ಜೀವಂತವಾಗಿಡುತ್ತದೆ. ಇಂಗ್ಲಿಷಿನ ಒನ್, ಟೂ, ತ್ರೀ ಮೊದಲಾದವು ಬಹುಪಾಲು ಒಂದೇ ಉಸಿರುಗುದ್ದಿನ ಪದಗಳು. ನಮ್ಮ ಒಂದು, ಮೂರು, ನಾಲ್ಕು ಎಂಬವು ಎರಡೆರಡು ಅಕ್ಷರದವು. ಎರಡು, ಒಂಬತ್ತು ಎಂಬವು ಮೂರು ಅಕ್ಷರದವು. ಹತ್ತು ಅಂಕಿಗಳನ್ನು ಕನ್ನಡದಲ್ಲಿ ಬಿಡಿಬಿಡಿಯಾಗಿ ಹೇಳಿಕೊಂಡರೆ ಕೊನೆಯದನ್ನು ಮುಟ್ಟುವ ಹೊತ್ತಿಗೆ ನಡುವಿನವು ಜಾರಿರುತ್ತವೆ. ಮೊದಲಿನವಕ್ಕೆ ಹೆಚ್ಚು ಪುನರುಚ್ಚಾರ ಸಿಕ್ಕಿರುತ್ತದೆ, ಕೊನೆಯವು ಆಗಷ್ಟೇ ಕಿವಿಯಲ್ಲಿರುತ್ತವೆ. ಆದ್ದರಿಂದಲೇ ಜಾತ್ರೆಯ ಆ ಸಂಜೆ ತಲೆ ಮತ್ತು ಬಾಲ ಉಳಿದು ನಡು ಕಳೆದುಹೋಯಿತು. ಸಂಖ್ಯೆಯನ್ನು ಕಲಿಯುವಾಗ ನಮ್ಮ ಶ್ರಮವೂ ನಡುವಿನ ಮೇಲೆಯೇ ಹೆಚ್ಚಾಗಿರಬೇಕು.

ಗುಂಪು ಮಾಡುವ ಕ್ರಮ

ಆ ತಾಯಿಯ ಮಗಳ ನಿಜವಾದ ಸಂಖ್ಯೆಯನ್ನು ಇಲ್ಲಿ ಕೊಡುವುದು ಸಲ್ಲದು. ಅದರ ಬದಲಿಗೆ ಒಂದು ಕಲ್ಪಿತ ಸಂಖ್ಯೆಯನ್ನಿಟ್ಟು, ಅವರು ಕಲಿತ ಕ್ರಮವನ್ನು ಹೇಳುತ್ತೇವೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದ ಆರಂಭವಾಗುತ್ತವೆ. ಯಾರ ಸಂಖ್ಯೆಯೂ ಆಗದಿರಲೆಂದು ನಮ್ಮದು 5ರಿಂದ ಆರಂಭವಾಗುತ್ತದೆ.

5048296356

ಇದನ್ನು ಹೀಗೆಯೇ ಬರೆದರೆ ಕಣ್ಣಿಗೂ ಹಿಡಿತವಿಲ್ಲ. ಎರಡೆರಡಾಗಿ ಒಡೆದರೆ ಐದು ಗುಂಪುಗಳಾಗುತ್ತವೆ; ನಾಲ್ಕರ ಮಿತಿಯನ್ನು ಅದು ಮೀರುತ್ತದೆ. ಮೊಬೈಲಿನ ಪರದೆಯ ಮೇಲೆ ಬಹಳ ಸಲ ಕಾಣುವಂತೆ ಐದೈದಾಗಿ ಒಡೆದರೆ ಗುಂಪುಗಳು ಎರಡೇ ಆದರೂ, ಐದಂಕಿಯ ಗುಂಪು ಮನಸ್ಸಿನಲ್ಲಿ ಮತ್ತೆ ಒಡೆಯುತ್ತದೆ. ಮೂರು, ಮೂರು, ನಾಲ್ಕು ಎಂದು ಒಡೆಯುವುದು ಹೆಚ್ಚಿನವರಿಗೆ ಹೊಂದುತ್ತದೆ.

504 – 829 – 6356

ಇದನ್ನು ಒಂದು ಕಾಗದದ ಮೇಲೆ ದೊಡ್ಡ ಅಂಕಿಗಳಲ್ಲಿ, ಗುಂಪಿನ ನಡುವೆ ಬೆರಳಗಲ ಜಾಗ ಬಿಟ್ಟು ಬರೆಯಬೇಕು. ಹೇಳುವಾಗಲೂ ಅಷ್ಟೇ: ಮೂರು ಅಂಕಿ, ಒಂದು ಉಸಿರಿನ ವಿರಾಮ, ಮೂರು ಅಂಕಿ, ವಿರಾಮ, ಕೊನೆಗೆ ನಾಲ್ಕು. ವಿರಾಮದ ಜಾಗ ಬದಲಾಗಕೂಡದು. ಮಗ ಐದೈದಾಗಿಯೂ ಮೊಮ್ಮಗಳು ಎರಡೆರಡಾಗಿಯೂ ಹೇಳಿಕೊಟ್ಟರೆ, ಕಲಿಯುವವರ ಮನಸ್ಸಿಗೆ ಅವು ಬೇರೆ ಬೇರೆ ಸಂಖ್ಯೆಗಳಂತೆಯೇ ತೋರುತ್ತವೆ. ಚಿರಪರಿಚಿತ ಸಂಖ್ಯೆಯನ್ನು ಬೇರೊಬ್ಬರು ಬೇರೆ ವಿರಾಮದಲ್ಲಿ ಹೇಳಿದಾಗ ಒಂದು ಕ್ಷಣ ಗುರುತು ಸಿಗದಿರುವುದು ನಮ್ಮೆಲ್ಲರ ಅನುಭವ. ಆದ್ದರಿಂದ ಮನೆಯವರೆಲ್ಲರೂ ಒಂದೇ ಒಡೆತವನ್ನು ಒಪ್ಪಿಕೊಳ್ಳಬೇಕು. ಈಗಾಗಲೇ ಐದೈದಾಗಿ ಚೆನ್ನಾಗಿ ಬರುತ್ತಿದ್ದರೆ ಅದನ್ನು ಕೆಡಿಸಬೇಕಾಗಿಲ್ಲ.

‘ಡಬಲ್’, ‘ತ್ರಿಬಲ್’ ಎಂಬ ರೂಢಿಯಲ್ಲೂ ಒಂದು ತೊಡಕಿದೆ. ಸಂಖ್ಯೆಯಲ್ಲಿ 477 744 ಎಂದಿದ್ದರೆ ನಾಲಿಗೆ ‘ಫೋರ್, ತ್ರಿಬಲ್ ಸೆವೆನ್, ಡಬಲ್ ಫೋರ್’ ಎನ್ನುತ್ತದೆ. ಆಗ ಮೂರು ಏಳುಗಳು ಎರಡು ಗುಂಪುಗಳ ಗಡಿಯನ್ನು ದಾಟಿ ಗುಂಪೇ ಅಳಿಸಿಹೋಗುತ್ತದೆ. ಕಲಿಯುವಾಗ ಗುಂಪಿನೊಳಗಿನ ಅಂಕಿಗಳನ್ನು ಬಿಡಿಸಿಯೇ ಹೇಳುವುದು ಲೇಸು.

ಯಾವ ಭಾಷೆಯಲ್ಲಿ ಕಲಿಯಬೇಕು? ಆಪತ್ತಿನಲ್ಲಿ ಬಾಯಿಗೆ ಬರುವ ಭಾಷೆಯಲ್ಲಿ. ಹಿರಿಯರಿಗೆ ಅದು ಕನ್ನಡವಾದರೆ ಕನ್ನಡವೇ ಸರಿ. ಆದರೆ ಶ್ರೀಶೈಲಕ್ಕೋ ಕಾಶಿಗೋ ಹೋದಾಗ ಎದುರಿನವರಿಗೆ ಕನ್ನಡ ತಿಳಿಯದೆ ಇರಬಹುದು. ಆದ್ದರಿಂದ ಬಾಯಲ್ಲಿ ಹೇಳುವುದರ ಜೊತೆಗೆ 1, 2, 3 ಎಂಬ ಅಂಕಿಗಳಲ್ಲಿ ಬರೆದು ತೋರಿಸುವುದನ್ನೂ ರೂಢಿಸಿಕೊಳ್ಳಬೇಕು.

ಗುಂಪಿಗೊಂದು ಗೂಟ

ಬರಿಯ ಗುಂಪು ಸಾಲದು. ಕರುವನ್ನು ಹಗ್ಗ ಹಾಕಿ ಹಿಡಿದರೂ ಗೂಟಕ್ಕೆ ಕಟ್ಟದಿದ್ದರೆ ನಿಲ್ಲುವುದಿಲ್ಲ. ಹೊಸ ಗುಂಪನ್ನು ನಮಗೆ ಮೊದಲೇ ಗೊತ್ತಿರುವ ಸಂಗತಿಯೊಂದಕ್ಕೆ ಕಟ್ಟಬೇಕು. ಇದರ ಬಲವನ್ನು ತೋರಿಸಿದ ಪ್ರಯೋಗವೊಂದನ್ನು 1980ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದರು. ಸಾಮಾನ್ಯ ಸ್ಮರಣಶಕ್ತಿಯ ಒಬ್ಬ ವಿದ್ಯಾರ್ಥಿ ಒಮ್ಮೆ ಕೇಳಿ ಏಳು ಅಂಕಿಗಳನ್ನಷ್ಟೇ ಹೇಳಬಲ್ಲವನಾಗಿದ್ದ. ಇನ್ನೂರಕ್ಕೂ ಹೆಚ್ಚು ಗಂಟೆಗಳ ಅಭ್ಯಾಸದ ಬಳಿಕ ಸುಮಾರು ಎಂಬತ್ತು ಅಂಕಿಗಳನ್ನು ಹೇಳತೊಡಗಿದ. ಅವನು ಓಟಗಾರ, ಮೂರು ನಾಲ್ಕು ಅಂಕಿಗಳನ್ನು ಕೂಡಿಸಿ, ಇಂಥ ಓಟಕ್ಕೆ ಹಿಡಿದ ಇಷ್ಟು ಸಮಯವೆಂದು ಭಾವಿಸಿಕೊಳ್ಳುತ್ತಿದ್ದ. ಅಂಕಿಗಳ ಬದಲಿಗೆ ಅಕ್ಷರಗಳನ್ನು ಕೊಟ್ಟಾಗ ಮಾತ್ರ ಅವನು ಮತ್ತೆ ಆರರ ಆಸುಪಾಸಿಗೆ ಇಳಿದ. ಬೆಳೆದದ್ದು ಸ್ಮರಣಶಕ್ತಿಯಲ್ಲ, ಗೂಟಗಳ ಬಳಕೆ.

ಓಟದ ಸಮಯಗಳು ನಮ್ಮ ತಾಯಂದಿರಿಗೆ ಗೂಟವಾಗಲಾರವು. ಆದರೆ ಅವರಿಗೆ ಅವರದೇ ಸಂಖ್ಯೆಗಳ ಸಂಪತ್ತಿದೆ: ಪಂಚಾಚಾರ, ಷಟ್‌ಸ್ಥಲ, ಅಷ್ಟಾವರಣ, ಅರವತ್ತಮೂರು ಪುರಾತನರು, ಇಪ್ಪತ್ತೇಳು ನಕ್ಷತ್ರ, ಮಕ್ಕಳು ಹುಟ್ಟಿದ ವರ್ಷ, ಬಸ್ಸಿನ ವೇಳೆ, ಸಂತೆಯ ಲೆಕ್ಕ. ಈ ತಾಯಿ ಕಟ್ಟಿಕೊಂಡ ಗೂಟಗಳು ಹೀಗಿದ್ದವು.

504 ಎಂಬುದು ಐನೂರರ ಒಂದು ನೋಟು, ಅದರ ಮೇಲೆ ನಾಲ್ಕು ರೂಪಾಯಿ ಚಿಲ್ಲರೆ. ಕೈಯಲ್ಲಿ ನೋಟನ್ನೂ ನಾಣ್ಯಗಳನ್ನೂ ಕಂಡುಕೊಂಡದ್ದರಿಂದ 504 ಎಂಬುದು 540 ಆಗಲಿಲ್ಲ.

829 ಅವರನ್ನು ಕಾಡಿತು. ಮೊಮ್ಮಗ ಯಾವುದೋ ಕ್ರಿಕೆಟ್ ಲೆಕ್ಕವನ್ನು ಹೇಳಿಕೊಟ್ಟ. ಅದು ಅವನಿಗೆ ಗೂಟ, ಅಜ್ಜಿಗಲ್ಲ. ಮೂರನೆಯ ದಿನ ಅವರು 892 ಎಂದರು. ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು: ಬೆಳಗಿನ ಬಸ್ಸು ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ, ಅಂದರೆ ಎಂಟೂವರೆಗೆ ಒಂದೇ ನಿಮಿಷ ಕಡಿಮೆ. ಗಡಿಯಾರದಲ್ಲಿ ತೊಂಬತ್ತೆರಡನೆಯ ನಿಮಿಷವೆಂಬುದಿಲ್ಲ. ಆದುದರಿಂದ 892 ಎಂಬ ತಪ್ಪು ಮತ್ತೆ ಬರುವುದಕ್ಕೆ ದಾರಿಯೇ ಉಳಿಯಲಿಲ್ಲ. ಒಳ್ಳೆಯ ಗೂಟದ ಲಕ್ಷಣ ಇದು: ಸರಿಯಾದುದನ್ನು ನೆನಪಿಸುವುದರೊಂದಿಗೆ ತಪ್ಪಾದುದನ್ನು ತಾನೇ ತಡೆಯುತ್ತದೆ.

6356ರಲ್ಲಿ 63 ಪುರಾತನರು. 56 ಎಂದರೆ ಕನ್ನಡ ನಾಡು ಒಂದಾದ 1956. ಯಾವುದು ಮೊದಲು ಎಂಬ ಗೊಂದಲಕ್ಕೂ ಉತ್ತರವಿತ್ತು: ಪುರಾತನರು ಹಿಂದಿನವರು, ರಾಜ್ಯ ಇತ್ತೀಚಿನದು. ಹಳೆಯದು ಮೊದಲು.

ಇಷ್ಟಾದ ಮೇಲೆ ಮೂರು ಗೂಟಗಳನ್ನು ಒಂದು ದಾರಿಯಲ್ಲಿ ಜೋಡಿಸಿಕೊಂಡರು. ಐನೂರರ ನೋಟು, ನಾಲ್ಕು ರೂಪಾಯಿ ಹಿಡಿದು ಮನೆಯಿಂದ ಹೊರಡುವುದು. ಎಂಟು ಇಪ್ಪತ್ತೊಂಬತ್ತರ ಬಸ್ಸು ಹತ್ತುವುದು. ಮಠಕ್ಕೆ ಬಂದರೆ ಗೋಡೆಯ ಮೇಲೆ ಅರವತ್ತಮೂರು ಪುರಾತನರ ಪಟ, ಅದರ ಪಕ್ಕದಲ್ಲಿ ಐವತ್ತಾರರ ನಾಡಿನ ನಕ್ಷೆ. ಬಸ್ಸು ಹತ್ತುವ ಮುಂಚೆ ಮಠ ಬರಲಾರದು. ಹಾಗೆಯೇ ಗುಂಪುಗಳ ಅನುಕ್ರಮವೂ ತಪ್ಪಲಾರದು. ಪ್ರತಿ ಗುಂಪಿಗೂ ಗೂಟ ಸಿಗಲೇಬೇಕೆಂದಿಲ್ಲ. ಮೂರರಲ್ಲಿ ಎರಡಕ್ಕೆ ಸಿಕ್ಕರೆ, ಮೂರನೆಯದನ್ನು ಲಯದಿಂದಲೇ ಹಿಡಿಯಬಹುದು. ಆ ಎರಡರಲ್ಲಿ ನಡುವಿನದೊಂದು ಇರಲಿ.

ನೋಡದೆ ಹೇಳುವ ವೇಳಾಪಟ್ಟಿ

ಕಾಗದವನ್ನು ನೋಡಿ ನೂರು ಸಲ ಓದುವುದಕ್ಕಿಂತ, ಕಾಗದವನ್ನು ಮುಚ್ಚಿ ಹತ್ತು ಸಲ ಹೇಳುವುದು ಮೇಲು. ಆ ಹತ್ತು ಸಲವೂ ಒಂದೇ ಕುಳಿತದಲ್ಲಿ ಆಗಬಾರದು. ನಡುವಿನ ಅಂತರ ದಿನೇ ದಿನೇ ಹಿಗ್ಗಬೇಕು. ಮರೆಯುವ ಅಂಚಿನಲ್ಲಿ ಇರುವಾಗ ಕಷ್ಟಪಟ್ಟು ಹೊರತೆಗೆದದ್ದೇ ಆಳವಾಗಿ ಊರುತ್ತದೆ. ಮರೆವಿನ ಕಾಯಿಲೆಯ ಆರಂಭದಲ್ಲಿರುವವರಿಗೂ ಹೆಸರು, ಕೋಣೆಯ ದಾರಿ ಮೊದಲಾದ ಚಿಕ್ಕ ಸಂಗತಿಗಳನ್ನು ಕಲಿಸಲು ತಜ್ಞರು ಹಿಗ್ಗುವ ಅಂತರದ ಈ ವಿಧಾನವನ್ನೇ ಬಳಸುತ್ತಾರೆ.

ಆ ತಾಯಿ ಅನುಸರಿಸಿದ ವೇಳೆ ಇಂತಿತ್ತು. ಮೊದಲ ದಿನ ಬೆಳಿಗ್ಗೆ ಕಾಗದ ನೋಡಿ ಮೂರು ಸಲ ಗಟ್ಟಿಯಾಗಿ ಹೇಳುವುದು. ಬಳಿಕ ಅದನ್ನು ಮಗುಚಿಟ್ಟು ಒಂದು ನಿಮಿಷದ ಮೇಲೆ, ಐದು ನಿಮಿಷದ ಮೇಲೆ, ಅರ್ಧ ತಾಸಿನ ಮೇಲೆ ನೋಡದೆ ಹೇಳುವುದು. ಮಧ್ಯಾಹ್ನದ ಪ್ರಸಾದಕ್ಕೆ ಮುನ್ನ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ಮರುದಿನ ಬೆಳಿಗ್ಗೆ ಎದ್ದೊಡನೆ, ಕಾಗದ ಮುಟ್ಟದೆ. ಆಮೇಲೆ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೊಂದನೆಯ ದಿನ. ಅನಂತರ ಪ್ರತಿ ತಿಂಗಳು ಅಮಾವಾಸ್ಯೆಗೊಮ್ಮೆ. ಒಂದೊಂದು ಸಲಕ್ಕೆ ಅರ್ಧ ನಿಮಿಷ ಸಾಕು.

ನಿಯಮಗಳು ಎರಡು. ಮೊದಲನೆಯದು, ಹೇಳಿ ಮುಗಿಸಿದ ಮೇಲೆಯೇ ಕಾಗದ ನೋಡುವುದು. ಎರಡನೆಯದು, ತಪ್ಪಿದ್ದರೆ ಸರಿಯಾದುದನ್ನು ಕೂಡಲೇ ನೋಡಿ ಹೇಳಿ, ಅಂತರವನ್ನು ಒಂದು ಮೆಟ್ಟಿಲು ಹಿಂದಕ್ಕೆ ತರುವುದು. ಮೂರನೆಯ ದಿನ 892 ಎಂದಾಗ ಅವರು ಗೂಟ ಬದಲಿಸಿ, ಅದೇ ದಿನ ಮಧ್ಯಾಹ್ನ, ರಾತ್ರಿ, ಮರುದಿನ ಬೆಳಿಗ್ಗೆ ಮತ್ತೆ ಹೇಳಿ ಮುಂದುವರಿದರು.

ಎರಡನೆಯ ವಾರದಿಂದ ನಡುವಿನಿಂದಲೂ ಆರಂಭಿಸಿ ನೋಡಬೇಕು. “ಬಸ್ಸು ಎಷ್ಟಕ್ಕೆ?” ಎಂದು ಮನೆಯವರು ಕೇಳಿದರೆ 829 ತಾನಾಗಿ ಬರಬೇಕು. ಮೊದಲಿನಿಂದ ಹಾಡಿದರೆ ಮಾತ್ರ ಬರುವುದು ಅರ್ಧ ಕಲಿಕೆ. ಗಾಬರಿಯಲ್ಲಿ ಒಂದು ಕಡೆ ಎಡವಿದರೆ ಮುಂದಿನದೆಲ್ಲ ನಿಂತುಹೋಗುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ನಮ್ಮದೇ ಮೊಬೈಲಿನಲ್ಲಿ ಮೂರು ನಾಲ್ಕು ಅಂಕಿ ಒತ್ತುವಷ್ಟರಲ್ಲಿ ಅದು ಹೆಸರನ್ನು ತೋರಿಸಿಬಿಡುತ್ತದೆ. ಉಳಿದ ಕೆಲಸ ಯಂತ್ರದ್ದಾಗುತ್ತದೆ. ಅಂಕಿಗಳ ಜಾಗಕ್ಕೆ ಬೆರಳು ತಾನೇ ಹೋಗುವುದನ್ನೂ ನಂಬುವಂತಿಲ್ಲ, ಏಕೆಂದರೆ ಬೆರಳಿಗೆ ಗೊತ್ತಿದ್ದುದನ್ನು ಬಾಯಿ ಹೇಳಲಾಗದೆ ನಿಲ್ಲಬಹುದು. ಆದುದರಿಂದ ನೆರೆಮನೆಯವರ ಮೊಬೈಲಿನಿಂದ, ಅಂಕಿಗಳನ್ನು ಮೊದಲು ಬಾಯಲ್ಲಿ ಹೇಳಿ, ಅವರು ಒತ್ತುವಂತೆ ಮಾಡಿ ಕರೆ ಹೋಗುತ್ತದೆಯೇ ನೋಡಬೇಕು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗದ್ದಲದ ನಡುವೆ ಒಮ್ಮೆ ಹೇಳಿ ನೋಡುವುದು ಇನ್ನೂ ಒಳ್ಳೆಯದು. ಮನೆಯ ಮೌನದಲ್ಲಿ ಮಾತ್ರ ಬರುವ ಸಂಖ್ಯೆ ಜಾತ್ರೆಯಲ್ಲಿ ಕೈಕೊಡಬಹುದು.

ತಪ್ಪು ಎಲ್ಲಿದೆ ಎಂದು ತಿಳಿಯುವುದು

ತಪ್ಪಿನ ಬಗೆಯೇ ಅದರ ಮದ್ದನ್ನು ಹೇಳುತ್ತದೆ. ಗುಂಪಿನೊಳಗೆ ಅಂಕಿಗಳು ಅದಲುಬದಲಾದರೆ ಆ ಗುಂಪಿನ ಗೂಟ ಸಡಿಲವಾಗಿದೆ ಎಂದರ್ಥ. ಬೇರೆ ಗೂಟ ಹುಡುಕಬೇಕು. ಗುಂಪುಗಳು ಸರಿಯಾಗಿದ್ದು ಅವುಗಳ ಸ್ಥಾನ ಬದಲಾದರೆ ಅವುಗಳನ್ನು ಜೋಡಿಸಿದ ದಾರಿ ದುರ್ಬಲ. ಕಥೆಯನ್ನು ಗಟ್ಟಿ ಮಾಡಬೇಕು. ಇನ್ನೊಂದು ಸಂಖ್ಯೆಯ ಗುಂಪು ಇಲ್ಲಿ ನುಸುಳಿದರೆ, ಎರಡನ್ನೂ ಒಟ್ಟಿಗೆ ಕಲಿಯಲು ಹೋದದ್ದೇ ಕಾರಣ.

ಈ ಕೊನೆಯ ತಪ್ಪು ಆ ತಾಯಿಗೂ ಆಯಿತು. ಮಗಳ ಸಂಖ್ಯೆ ಕೈಗೆ ಬಂದ ಉತ್ಸಾಹದಲ್ಲಿ ನಾಲ್ಕನೆಯ ದಿನವೇ ಮಗನ ಸಂಖ್ಯೆಯನ್ನೂ ಹಿಡಿದರು. ಎರಡು ದಿನಗಳಲ್ಲಿ ಮಗನ ಸಂಖ್ಯೆಯ ನಡುವೆ ಬಸ್ಸಿನ ವೇಳೆ ಬಂದು ಕುಳಿತಿತು. ಮಗನದನ್ನು ಬಿಟ್ಟು, ಮಗಳದು ಹದಿನಾಲ್ಕನೆಯ ದಿನ ತಪ್ಪಿಲ್ಲದೆ ಬಂದ ಮೇಲೆಯೇ ಮತ್ತೆ ಆರಂಭಿಸಿದರು. ಈ ಸಲ ಅದರ ಕಥೆ ಮಠದ ದಾರಿಯಲ್ಲಿ ನಡೆಯಲಿಲ್ಲ, ಹೊಲದ ದಾರಿಯಲ್ಲಿ ನಡೆಯಿತು. ದಾರಿ ಬೇರೆಯಾದುದರಿಂದ ಗುಂಪುಗಳು ಬೆರೆಯಲಿಲ್ಲ.

ಎಷ್ಟು ಸಂಖ್ಯೆ, ಯಾರದು?

ಎರಡು ಅಥವಾ ಮೂರು ಸಾಕು. ಒಂದು, ಮನೆಯಲ್ಲಿ ಜೊತೆಗಿರುವವರದು. ಎರಡು, ಬೇರೆ ಊರಿನಲ್ಲಿರುವ ಆಪ್ತರೊಬ್ಬರದು. ಪ್ರಯಾಣದಲ್ಲಿ ಜೊತೆಯಲ್ಲಿದ್ದವರ ಮೊಬೈಲು ಕೂಡ ಕಳೆದುಹೋಗಬಹುದು. ಮೂರನೆಯದು ಬೇಕೆಂದರೆ ನೆರೆಮನೆಯವರದು. ಇವಲ್ಲದೆ ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108 ಎಂಬ ಮೂರಂಕಿಯ ಸಂಖ್ಯೆಗಳು ಹೇಗೂ ಒಂದೊಂದೇ ಗುಂಪು. ಅವನ್ನು ಮಕ್ಕಳೂ ಒಂದೇ ದಿನದಲ್ಲಿ ಕಲಿಯಬಲ್ಲರು.

ಸಂಖ್ಯೆಯನ್ನು ಆರಿಸುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ಈಗ ಅನೇಕರು ಅಪರಿಚಿತ ಸಂಖ್ಯೆಯಿಂದ ಬಂದ ಕರೆಯನ್ನು ಎತ್ತುವುದಿಲ್ಲ. ನಾವು ಆಪತ್ತಿನಲ್ಲಿ ಮಾಡುವ ಕರೆ ಅವರಿಗೆ ಅಪರಿಚಿತ ಸಂಖ್ಯೆಯಿಂದಲೇ ಹೋಗುತ್ತದೆ. ಆದುದರಿಂದ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಬೇಕು: ಒಂದೇ ಹೊಸ ಸಂಖ್ಯೆಯಿಂದ ಎರಡು ಸಲ ಬೆನ್ನುಬೆನ್ನಿಗೆ ಕರೆ ಬಂದರೆ ಎತ್ತಬೇಕು.

ಸಂಖ್ಯೆ ಬರೆದ ಚೀಟಿಯನ್ನು ಸೊಂಟದ ಚೀಲದಲ್ಲೋ ಅಂಗಿಯ ಜೇಬಿನಲ್ಲೋ ಇಟ್ಟುಕೊಳ್ಳುವುದನ್ನು ಬಿಡಬೇಕಾಗಿಲ್ಲ. ಜ್ವರ, ಭಯ, ನಿದ್ರೆಗೇಡುಗಳಲ್ಲಿ ಚೆನ್ನಾಗಿ ಕಲಿತದ್ದೂ ಜಾರಬಹುದು. ಮನೆಯವರು ಸಂಖ್ಯೆ ಬದಲಿಸಿದರೆ ಕಷ್ಟ ಇಮ್ಮಡಿ. ಹಳೆಯದೇ ಮತ್ತೆ ಮತ್ತೆ ನುಗ್ಗುತ್ತದೆ. ಆಗ ಹಳೆಯ ಕಥೆಯನ್ನು ತಿದ್ದಲು ಹೋಗದೆ, ಹೊಸ ಸಂಖ್ಯೆಗೆ ಹೊಸ ದಾರಿಯನ್ನೇ ಕಟ್ಟಬೇಕು.

ವೈದ್ಯರನ್ನು ಕಾಣಬೇಕಾದ ಮರೆವು

ಹೊಸ ಹತ್ತಂಕಿ ಮೊದಲ ವಾರದಲ್ಲಿ ತಪ್ಪುವುದು ರೋಗವಲ್ಲ. ಯಾವ ವಯಸ್ಸಿನಲ್ಲಾದರೂ ಆಗುವಂಥದ್ದು. ಆದರೆ ವರ್ಷಗಳಿಂದ ಬಾಯಲ್ಲಿದ್ದ ಸಂಖ್ಯೆ ಕೆಲವು ತಿಂಗಳಿಂದ ಬರುತ್ತಿಲ್ಲ, ಹೇಳಿದ್ದನ್ನೇ ಕೆಲವು ನಿಮಿಷಗಳಲ್ಲಿ ಮತ್ತೆ ಕೇಳುತ್ತಾರೆ, ದಿನವೂ ನಡೆದ ದಾರಿಯಲ್ಲಿ ತಪ್ಪುತ್ತಾರೆ, ಹಣದ ಲೆಕ್ಕ ಹಿಡಿತಕ್ಕೆ ಸಿಗುತ್ತಿಲ್ಲ ಎಂದಾದರೆ ಅದು ಅಭ್ಯಾಸದಿಂದ ಸರಿಹೋಗುವ ಮರೆವಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವು ಮರೆವನ್ನು ತರುವ, ಆದರೆ ಚಿಕಿತ್ಸೆಗೆ ಒಗ್ಗುವ ಕಾರಣಗಳು. ಬಿ-12 ಮುಖ್ಯವಾಗಿ ಪ್ರಾಣಿಜನ್ಯ ಆಹಾರದಲ್ಲಿರುವುದರಿಂದ, ಶಾಕಾಹಾರಿಗಳಾದ ನಮ್ಮ ಹಿರಿಯರಲ್ಲಿ, ಅದರಲ್ಲೂ ಹಾಲು ಮೊಸರನ್ನು ಕಡಿಮೆ ಮಾಡಿದವರಲ್ಲಿ, ಇದನ್ನು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳುವುದು ಯುಕ್ತ. ಕಿವಿ ಮಂದವಾದವರಿಗೆ ಸಂಖ್ಯೆ ನಿಲ್ಲದಿದ್ದರೆ, ಅದು ಸರಿಯಾಗಿ ಕೇಳಿಸಿತ್ತೇ ಎಂಬುದನ್ನೂ ನೋಡಬೇಕು. ಅಂಥವರಿಗೆ ಬರೆದೇ ಕಲಿಸುವುದು ಸರಿ. ಎಚ್ಚರದಲ್ಲಿದ್ದವರಿಗೆ ಒಮ್ಮಿಂದೊಮ್ಮೆಲೇ ಗೊಂದಲವುಂಟಾದರೆ, ಮಾತು ತೊದಲಿದರೆ, ಅದು ತುರ್ತು ಸಂದರ್ಭ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಶ್ರಾವಣದ ಕೊನೆಯ ಸೋಮವಾರ ಆ ತಾಯಿ ಮತ್ತೆ ಮಠಕ್ಕೆ ಬಂದಿದ್ದರು. ದರ್ಶನ ಮುಗಿದ ಮೇಲೆ, ಜಾತ್ರೆಯಲ್ಲಿ ನೆರವಾಗಿದ್ದ ಅದೇ ಯುವಕನನ್ನು ಕರೆದು, ಅವನ ಮೊಬೈಲು ತೆಗೆಯಲು ಹೇಳಿದರು. ಕಟ್ಟೆಯ ಮೇಲೆ ಕುಳಿತು ಮೂರು ಅಂಕಿ ಹೇಳಿ ನಿಂತರು; ಮತ್ತೆ ಮೂರು ಹೇಳಿ ನಿಂತರು; ಕೊನೆಗೆ ನಾಲ್ಕು. ಮೊದಲ ಕರೆಯನ್ನು ಮಗಳು ಎತ್ತಲಿಲ್ಲ. ಎರಡನೆಯದನ್ನು ಎತ್ತಿದಳು.